48ನೇ ಸೆಕೆಂಡಿನಲ್ಲಿ ಹಸು

ನಾನು ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಓಡಾಡುವ ಪಶುವೈದ್ಯ. ಭುಜದವರೆಗೆ ಕೈಗವಸು ಹಾಕಿಕೊಂಡು ಹಸುವಿನ ಗರ್ಭ ಪರೀಕ್ಷೆ ಮಾಡುವವನಿಗೆ ಫೋನ್ ಎತ್ತಲು ಆಗುವುದಿಲ್ಲ ಎಂಬುದು ರೈತರಿಗೂ ಗೊತ್ತು. ಆದ್ದರಿಂದ ವಾಟ್ಸ್ಆ್ಯಪ್‌ನಲ್ಲಿ ಮಾತನಾಡಿ ಕಳುಹಿಸುತ್ತಾರೆ. ನಮ್ಮ ಕಡೆ ಅದಕ್ಕೆ ‘ವಾಯ್ಸ್’ ಎಂದೇ ಹೆಸರು. ‘ಒಂದು ವಾಯ್ಸ್ ಹಾಕಿದ್ದೇನೆ, ಕೇಳಿ ಡಾಕ್ಟರೇ’ ಎನ್ನುವುದು ಈಗ ಮಾಮೂಲು ಮಾತು.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಗೌಡರೊಬ್ಬರ ವಾಯ್ಸ್ ಬಂತು. ಒಂದು ನಿಮಿಷ ಹನ್ನೆರಡು ಸೆಕೆಂಡು. ಅಕ್ಷರದ ಸಂದೇಶವಾದರೆ ಮೊದಲ ನಾಲ್ಕು ಪದ ಪರದೆಯ ಮೇಲೆಯೇ ಕಾಣುತ್ತದೆ. ವಾಯ್ಸ್‌ನಲ್ಲಿ ಕಾಣುವುದು ಯಾರು, ಎಷ್ಟು ಹೊತ್ತು ಎಂಬುದಷ್ಟೇ. ಬೈಕ್ ನಿಲ್ಲಿಸಿ ಕೇಳತೊಡಗಿದೆ. ‘ನಮಸ್ಕಾರ ಡಾಕ್ಟರೇ. ಚೆನ್ನಾಗಿದ್ದೀರಾ?’ ಸ್ವಲ್ಪ ಮೌನ. ‘ತಿಂಡಿ ಆಯಿತಾ?’ ಮತ್ತೆ ಮೌನ. ಮಳೆಯ ವಿಚಾರ, ಹೋದ ಸಲ ನಾನು ಕೊಟ್ಟ ಜಂತುಹುಳುವಿನ ಔಷಧಿಯ ಗುಣಗಾನ. ಮೂವತ್ತು ಸೆಕೆಂಡು ಕಳೆದರೂ ಹಸುವಿನ ಸುದ್ದಿಯೇ ಇಲ್ಲ. ಕುಶಲ ವಿಚಾರಿಸಲು ಹಾಕಿದ್ದಾರೆ ಎಂದುಕೊಂಡು ಫೋನನ್ನು ಜೇಬಿಗಿಟ್ಟು ಮುಂದಿನ ಊರಿಗೆ ಹೋದೆ.

ಉಳಿದದ್ದನ್ನು ಕೇಳಿದ್ದು ಅರ್ಧ ಗಂಟೆಯ ಮೇಲೆ. 48ನೇ ಸೆಕೆಂಡಿನಲ್ಲಿ ಗೌಡರು ಹೇಳಿದ್ದರು: ‘ಅಂದ ಹಾಗೆ, ನಮ್ಮ ಬೆಳ್ಳಿ ನಿನ್ನೆ ರಾತ್ರಿ ಕರು ಹಾಕಿದಳು. ಬೆಳಿಗ್ಗೆಯಿಂದ ಏಳುತ್ತಿಲ್ಲ. ಕುತ್ತಿಗೆ ಹೊಟ್ಟೆಯ ಕಡೆಗೆ ತಿರುಗಿಸಿಕೊಂಡು ಕೂತಿದ್ದಾಳೆ.’

ಈ ಕಸುಬಿನವರಿಗೆ ಇಷ್ಟು ಸಾಕು. ಬೆಳ್ಳಿಗೆ ಅದು ಮೂರನೆಯ ಕರು, ಹಾಲು ಹೆಚ್ಚು ಕೊಡುವ ಮಿಶ್ರತಳಿ. ಇದು ಹಾಲು ಜ್ವರ. ಹೆಸರಿಗೆ ಮಾತ್ರ ಜ್ವರ. ಮೈ ಬಿಸಿಯಾಗುವುದಿಲ್ಲ, ಕಿವಿ ಮುಟ್ಟಿದರೆ ತಣ್ಣಗಿರುತ್ತದೆ. ಕರು ಹಾಕಿದ ಕೂಡಲೇ ರಕ್ತದ ಕ್ಯಾಲ್ಸಿಯಂ ಗಿಣ್ಣದ ಹಾಲಿಗೆ ಹರಿದುಹೋಗಿ ಸ್ನಾಯುಗಳು ಸೋಲುತ್ತವೆ. ನಾನು ತಲುಪುವ ಹೊತ್ತಿಗೆ ಬೆಳ್ಳಿ ಪೂರ್ತಿ ಒಂದು ಮಗ್ಗುಲಿಗೆ ಉರುಳಿದ್ದಳು. ಹುಲ್ಲಿನ ಮೂಟೆ ಒತ್ತುಕೊಟ್ಟು ಎದೆಯ ಮೇಲೆ ಕೂರಿಸಿ, 450 ಮಿಲಿಲೀಟರ್ ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೆ ನಿಧಾನವಾಗಿ ಬಿಟ್ಟೆ. ಅವಸರ ಮಾಡಿದರೆ ಹೃದಯವೇ ನಿಲ್ಲಬಹುದು, ಹಾಗಾಗಿ ಒಂದು ಕಿವಿ ಸ್ಟೆತಸ್ಕೋಪ್‌ನಲ್ಲೇ ಇತ್ತು. ಬೆಳ್ಳಿ ಉಳಿದಳು. ಆದರೆ ಆ ಅರ್ಧ ಗಂಟೆ ನನ್ನನ್ನು ಬಹಳ ದಿನ ಕಾಡಿತು.

ಗೌಡರನ್ನು ದೂರಲು ನನಗೆ ಮನಸ್ಸಿಲ್ಲ. ಅವರು ಮನೆ ಬಾಗಿಲಿಗೆ ಬಂದು ಮಾತನಾಡುವ ರೀತಿಯಲ್ಲೇ ಮಾತನಾಡಿದ್ದರು. ವ್ಯತ್ಯಾಸವಿರುವುದು ಆ ಮೌನದಲ್ಲಿ. ‘ಚೆನ್ನಾಗಿದ್ದೀರಾ?’ ಎಂದು ಎದುರಿಗೆ ಕೇಳಿದರೆ ನಾನು ‘ಹೂಂ, ಏನು ವಿಷಯ ಹೇಳಿ’ ಎನ್ನುತ್ತೇನೆ. ಮಾತು ತಾನಾಗಿ ಹಸುವಿನ ಕಡೆ ತಿರುಗುತ್ತದೆ. ವಾಯ್ಸ್‌ನಲ್ಲಿ ಹಾಗೆ ತಿರುಗಿಸುವವರು ಯಾರೂ ಇಲ್ಲ. ಉತ್ತರ ಬಾರದ ಕಡೆ ಮತ್ತೊಂದು ಪ್ರಶ್ನೆ ಹುಟ್ಟುತ್ತದೆ, ಅದರ ಹಿಂದೆ ಮಳೆ ಬರುತ್ತದೆ. ಇದಕ್ಕಿಂತ ಕಷ್ಟ ಇನ್ನೊಂದಿದೆ: ‘ಡಾಕ್ಟರೇ ನಮಸ್ಕಾರ, ಇದ್ದೀರಾ?’ ಎಂದು ಎರಡು ಸೆಕೆಂಡಿನ ವಾಯ್ಸ್ ಹಾಕಿ, ನಾನು ‘ಇದ್ದೇನೆ’ ಎನ್ನುವವರೆಗೆ ಹಸುವನ್ನು ಬಚ್ಚಿಟ್ಟುಕೊಂಡು ಕಾಯುವವರು.

ಹಾಗಾದರೆ ನಮಸ್ಕಾರವೇ ಬೇಡ, ನೇರ ವಿಷಯಕ್ಕೆ ಬನ್ನಿ ಎಂದು ಕೆಲವು ತಿಂಗಳು ಎಲ್ಲರಿಗೂ ಹೇಳಿದೆ. ನಾನೂ ಹಾಗೆಯೇ ಮಾಡಿದೆ. ಅದು ಎರಡು ರೀತಿಯಲ್ಲಿ ಕೈಕೊಟ್ಟಿತು.

ಮೊದಲನೆಯದು ಯಂತ್ರದ ತೊಂದರೆ. ಮೈಕ್ ಗುಂಡಿ ಒತ್ತಿದ ತಕ್ಷಣ ಧ್ವನಿಮುದ್ರಣ ಶುರುವಾಗಿಬಿಡುತ್ತದೆ ಎಂದು ನಾವು ನಂಬುತ್ತೇವೆ. ಕೆಲವು ಫೋನ್‌ಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ಬೆರಳಿಗೂ ಮುದ್ರಣಕ್ಕೂ ನಡುವೆ ಒಂದು ಕ್ಷಣ ಕಳೆಯುತ್ತದೆ, ಆ ಕ್ಷಣದಲ್ಲಿ ಆಡಿದ ಅಕ್ಷರ ಹೋಯಿತು. ಹುಡುಗನೊಬ್ಬ ನಾನು ಹೇಳಿಕೊಟ್ಟಂತೆ ನೇರವಾಗಿ ಶುರು ಮಾಡಿದ್ದ. ನನಗೆ ಕೇಳಿಸಿದ್ದು ‘…ಗಡೆ ಉಬ್ಬಿಕೊಂಡಿದೆ ಸಾರ್’. ಎಡಗಡೆಯೋ ಬಲಗಡೆಯೋ? ಎಡಗಡೆಯ ಕುಳಿ ತಮಟೆಯ ಹಾಗೆ ಬಿಗಿದಿದ್ದರೆ ಅದು ಹೊಟ್ಟೆ ಉಬ್ಬರ, ಇದ್ದ ಕೆಲಸ ಬಿಟ್ಟು ಓಡಬೇಕು. ಬಲಗಡೆಯಾದರೆ ಯೋಚಿಸಬೇಕಾದ ದಾರಿಯೇ ಬೇರೆ. ಕನ್ನಡದಲ್ಲಿ ಎರಡೂ ‘ಗಡೆ’ಯಲ್ಲೇ ಮುಗಿಯುತ್ತವೆ; ಬೇಕಾದದ್ದು ಮೊದಲಿನ ಎರಡು ಅಕ್ಷರ. ಅವನು ಮೊದಲು ‘ನಮಸ್ಕಾರ’ ಎಂದಿದ್ದರೆ ಅದು ‘ಸ್ಕಾರ’ವಾಗಿ ಕೇಳಿಸುತ್ತಿತ್ತು, ಅಷ್ಟೇ, ‘ಎಡ’ ಉಳಿಯುತ್ತಿತ್ತು. (ಬಾಲ ಕತ್ತರಿಸಿದರೆ ಇನ್ನೂ ಅಪಾಯ. ನಮ್ಮ ಕ್ರಿಯಾಪದ ಕೂರುವುದು ಅಲ್ಲೇ. ‘ಬಾಯಿಗೆ ಎಣ್ಣೆ ಕುಡಿಸಬೇಡಿ’ ಎನ್ನುವಾಗ ಬೆರಳು ಬೇಗ ಎತ್ತಿದರೆ ‘ಕುಡಿಸ’ ಎಂಬಲ್ಲಿಗೆ ನಿಂತುಬಿಡುತ್ತದೆ. ಹಾಲು ಜ್ವರದ ಹಸುವಿಗೆ ನುಂಗುವ ಶಕ್ತಿಯಿಲ್ಲ, ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂದಿನಿಂದ ಗುಂಡಿಯನ್ನು ಮೇಲಕ್ಕೆ ಸರಿಸಿ, ಬೀಗ ಹಾಕಿಕೊಂಡೇ ಮಾತನಾಡುತ್ತೇನೆ.)

ಎರಡನೆಯದು ನನ್ನದೇ ತಪ್ಪು. ಕೆಚ್ಚಲು ಬಾವಿನ ಹಸುವೊಂದರ ಮನೆಗೆ ‘ಮೊಲೆಗೆ ಹಾಕುವ ಆ ಟ್ಯೂಬ್ ಇವತ್ತೇ ತರಿಸಿ, ಹಾಲು ಪೂರ್ತಿ ಕರೆದು ಆಮೇಲೆ ಹಾಕಿ’ ಎಂದು ಹೆಸರು, ನಮಸ್ಕಾರ ಏನೂ ಇಲ್ಲದೆ ವಾಯ್ಸ್ ಹಾಕಿದೆ. ಹಳ್ಳಿಯಲ್ಲಿ ವಾಯ್ಸ್ ಕಿವಿಗಿಟ್ಟು ಕೇಳುವ ವಸ್ತುವಲ್ಲ, ಜಗಲಿಯ ಮೇಲೆ ಜೋರಾಗಿ ಹಾಕಿ ಮನೆಮಂದಿಯೆಲ್ಲ ಕೇಳುವಂಥದ್ದು. ಆ ಮನೆಯ ಅಜ್ಜಿ ‘ಡಾಕ್ಟರಿಗೆ ನಮ್ಮ ಮೇಲೆ ಏನೋ ಸಿಟ್ಟು’ ಎಂದರಂತೆ. ಟ್ಯೂಬ್ ಹಾಕಿದರು, ಆದರೆ ಎರಡು ದಿನ ಹಾಲಿನಲ್ಲಿ ಹೆಪ್ಪು ಬರುತ್ತಿದ್ದರೂ ನನಗೆ ತಿಳಿಸಲಿಲ್ಲ. ಮತ್ತೆ ಬೈಸಿಕೊಳ್ಳುವುದೇಕೆ ಎಂಬ ಅಳುಕು. ಹೋಗಿ ನೋಡಿದಾಗ ಆ ಮೊಲೆ ಗಟ್ಟಿಯಾಗಿತ್ತು. ‘ಅಜ್ಜಿ, ಸಿಟ್ಟಿಲ್ಲ, ಅವಸರದಲ್ಲಿದ್ದೆ’ ಎಂದರೆ ‘ಒಂದು ಅಮ್ಮಾ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು ಮಗ?’ ಎಂದರು. ಅಳೆದು ನೋಡಿದ್ದೇನೆ, ಒಂದು ಸೆಕೆಂಡೂ ಬೇಡ.

ಆಮೇಲೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹೋದಾಗ ಮನೆಮನೆಯಲ್ಲಿ ಹೀಗೆ ಹೇಳತೊಡಗಿದೆ: ‘ನಮಸ್ಕಾರ ಡಾಕ್ಟರೇ’ ಎನ್ನಿ, ಊರು, ಹೆಸರು ಹೇಳಿ, ಅದೇ ಉಸಿರಿನಲ್ಲಿ ಹಸುವಿಗೆ ಏನಾಗಿದೆ ಹೇಳಿ. ಉಸಿರು ಎಳೆದುಕೊಳ್ಳುವ ಮೊದಲು ಹಸು ಬಂದುಬಿಡಬೇಕು. ಮಾಮೂಲಿ ವೇಗದಲ್ಲಿ ಇದಕ್ಕೆ ಐದಾರು ಸೆಕೆಂಡು. ಉತ್ತರ ಬೇಡುವ ಕುಶಲ ಪ್ರಶ್ನೆ ಮೊದಲಿಗೆ ಬೇಡ, ಕೊನೆಗೆ ಎಷ್ಟಾದರೂ ಇರಲಿ. ಅದೇ ಹಸುವಿನ ಬಗ್ಗೆ ಅದೇ ದಿನ ಎರಡನೆಯ ವಾಯ್ಸ್ ಹಾಕಿದರೆ ನಮಸ್ಕಾರ ಬೇಕಿಲ್ಲ, ‘ಡಾಕ್ಟರೇ’ ಸಾಕು; ಹೋಗುವ ಅಕ್ಷರ ಅದರಲ್ಲೇ ಹೋಗಲಿ. ನಾನು ಕಳುಹಿಸುವಾಗಲೂ ಅಮ್ಮ, ಗೌಡರೇ, ಅಣ್ಣ ಎಂದು ಕರೆದೇ ಮುಂದಿನ ಮಾತು. ಕಿರಿಯರು ಸಲಹೆ ಕೊಟ್ಟಂತೆ ಒಂದೂವರೆ ಪಟ್ಟು ವೇಗದಲ್ಲಿ ಕೇಳುವುದನ್ನು ಮಾತ್ರ ಬಿಟ್ಟಿದ್ದೇನೆ. ವೇಗ ಹೆಚ್ಚಿಸಿದರೆ ಎಲ್ಲರೂ ಗಾಬರಿಯಾದವರಂತೆ ಕೇಳಿಸುತ್ತಾರೆ, ನಿಜವಾಗಿ ಗಾಬರಿಯಾದವರು ಯಾರೆಂದು ತಿಳಿಯುವುದಿಲ್ಲ.

ಮೊನ್ನೆ ಗೌಡರಿಂದ ಮತ್ತೆ ವಾಯ್ಸ್ ಬಂತು. ಐದು ಸೆಕೆಂಡು: ‘ಡಾಕ್ಟರೇ ನಮಸ್ಕಾರ, ಬೆಳ್ಳಿ ಮತ್ತೆ ಕರು ಹಾಕಿದ್ದಾಳೆ, ಕಿವಿ ತಣ್ಣಗಿದೆ, ಬನ್ನಿ.’ ಅದರ ಕೆಳಗೇ ಇನ್ನೊಂದು ವಾಯ್ಸ್, ಎರಡು ನಿಮಿಷ ನಾಲ್ಕು ಸೆಕೆಂಡು. ಅದನ್ನು ರಾತ್ರಿ ಮನೆಗೆ ಬಂದು ಕೈ ತೊಳೆದುಕೊಂಡ ಮೇಲೆ ಕೇಳಿದೆ. ತಿಂಡಿ, ಮಳೆ, ನನ್ನ ಮಗಳ ಪರೀಕ್ಷೆ, ಎಲ್ಲವೂ ಇತ್ತು.