ವೇತನ ಮಾತುಕತೆಯ ಮೊದಲ ಹತ್ತು ನಿಮಿಷ

ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಸಿಎನ್‌ಸಿ ಆಪರೇಟರ್. ಯೂನಿಯನ್‌ನ ಪ್ರಧಾನ ಕಾರ್ಯದರ್ಶಿಯೂ ಹೌದು. ನಮ್ಮಲ್ಲಿ ಮೂರು ವರ್ಷಕ್ಕೊಮ್ಮೆ ವೇತನ ಒಪ್ಪಂದ ಆಗುತ್ತದೆ. 2021ರ ಜನವರಿಯಿಂದ ಇದ್ದ ಒಪ್ಪಂದ 2023ರ ಡಿಸೆಂಬರ್‌ಗೆ ಮುಗಿದಿತ್ತು. ಬೇಡಿಕೆ ಪಟ್ಟಿಯನ್ನು ಮೊದಲೇ ಕೊಟ್ಟಿದ್ದೆವು. ಹೊಸ ವರ್ಷದ ಮೊದಲ ಸಭೆಯಲ್ಲಿ ನಮ್ಮ ಕಡೆಯಿಂದ ಮಾತು ಶುರು ಮಾಡುವ ಕೆಲಸ ನನ್ನ ಮೇಲೆ ಬಿತ್ತು.

ಈ ಮೊದಲ ಭಾಷಣ ಬರೀ ಶಾಸ್ತ್ರ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಎದುರಿಗೆ ಪ್ಲಾಂಟ್ ಹೆಡ್, ಎಚ್‌ಆರ್, ಫೈನಾನ್ಸ್‌ನವರು ಕೂತಿರುತ್ತಾರೆ. ಆದರೆ ಸಭೆ ಮುಗಿದ ಮೇಲೆ ಗೇಟ್ ಮೀಟಿಂಗ್ ಇರುತ್ತದೆ. ಅಲ್ಲಿ ಸೆಕೆಂಡ್ ಶಿಫ್ಟ್‌ನವರು "ಒಳಗೆ ಏನಂದ್ರಿ?" ಅಂತ ಕೇಳೇ ಕೇಳುತ್ತಾರೆ. ಒಳಗೆ ಮೆತ್ತಗೆ ಮಾತಾಡಿ ಗೇಟ್‌ನಲ್ಲಿ ಅಬ್ಬರಿಸಿದರೆ ಎರಡು ದಿನದಲ್ಲಿ ಎರಡೂ ಕಡೆಗೆ ಗೊತ್ತಾಗುತ್ತದೆ. ಹಾಗಾಗಿ ಎರಡೂ ಕಡೆ ಒಂದೇ ಮಾತು ಹೇಳಬೇಕು ಅಂತ ಕಮಿಟಿಯಲ್ಲಿ ತೀರ್ಮಾನಿಸಿದೆವು. ನಾನು ಅದನ್ನು ಬರೆದುಕೊಂಡೇ ಹೋಗಿದ್ದೆ.

ಶುರು ಮಾಡಿದ್ದು ಹೀಗೆ: "ಸರ್, 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಇದ್ದಾಗ ಮೆಷಿನ್ ನಿಂತಿದ್ದವು. ಆದರೂ ನಮಗೆ ಪೂರ್ತಿ ಸಂಬಳ ಬಂತು. ಅಕ್ಕಪಕ್ಕದ ಎಷ್ಟೋ ಶೆಡ್‌ಗಳಲ್ಲಿ ಬರಲಿಲ್ಲ. ನಮ್ಮ ಹುಡುಗರು ಅದನ್ನು ಮರೆತಿಲ್ಲ. ಹೋದ ವರ್ಷ ಒಂದು ದೊಡ್ಡ ಆರ್ಡರ್ ಕೈತಪ್ಪಿದ್ದೂ ನಮಗೆ ಗೊತ್ತು. ಕಂಪನಿ ಚೆನ್ನಾಗಿದ್ದರೇ ನಮ್ಮ ಒಲೆ ಉರಿಯುವುದು ಅನ್ನುವುದನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ."

"ನಾವೆಲ್ಲ ಒಂದೇ ಕುಟುಂಬ" ಅನ್ನುವ ಮಾತನ್ನು ಬೇಕೆಂದೇ ಬಿಟ್ಟೆ. ಅದು ಆಡಳಿತದವರ ಮಾತು, ನಮ್ಮ ಬಾಯಲ್ಲಿ ಬಂದರೆ ನಮ್ಮವರೇ ನಗುತ್ತಾರೆ. ನಡೆದದ್ದನ್ನು ಹೆಸರಿಟ್ಟು ನೆನೆಸಿಕೊಂಡರೆ ಮಾತ್ರ ಅದಕ್ಕೆ ಬೆಲೆ. ಫೈನಾನ್ಸ್ ಮ್ಯಾನೇಜರ್ ಆರ್ಡರ್ ನಷ್ಟದ ಬಗ್ಗೆ ಪುಟಗಟ್ಟಲೆ ತಯಾರಿ ಮಾಡಿಕೊಂಡು ಬಂದಿದ್ದರು ಅಂತ ಕಾಣುತ್ತದೆ. ಅದನ್ನು ನಾವೇ ಮೊದಲು ಹೇಳಿಬಿಟ್ಟದ್ದರಿಂದ ಅವರ ಅರ್ಧ ವಾದ ಮುಗಿದುಹೋಯಿತು.

ಆಮೇಲೆ ಲೆಕ್ಕಕ್ಕೆ ಬಂದೆ. ಇಲ್ಲಿ ಎಲ್ಲರೂ ಮಾಡುವ ಕೆಲಸ ಅಂದರೆ ಎಣ್ಣೆ, ಬೇಳೆ, ಸ್ಕೂಲ್ ಫೀಸು ಅಂತ ಪಟ್ಟಿ ಓದುವುದು. ಅದಕ್ಕೆ ಆ ಕಡೆಯವರು ತಲೆಯಾಡಿಸಿ ಸುಮ್ಮನಾಗುತ್ತಾರೆ, ಅಷ್ಟೇ. ನಾನು ಶಿಮ್ಲಾದ ಲೇಬರ್ ಬ್ಯೂರೋ ಪ್ರತಿ ತಿಂಗಳು ಪ್ರಕಟಿಸುವ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ಹಿಡಿದುಕೊಂಡೆ. 2016ನ್ನು 100 ಅಂತ ಇಟ್ಟುಕೊಂಡರೆ 2021ರ ಜನವರಿಯಲ್ಲಿ ಅದು 118.2 ಇತ್ತು. 2024ರ ಜನವರಿಯಲ್ಲಿ 138.9 ಆಯಿತು. ಅಂದರೆ ಮೂರು ವರ್ಷದಲ್ಲಿ ಸುಮಾರು ಹದಿನೇಳೂವರೆ ಪರ್ಸೆಂಟ್ ಏರಿಕೆ.

"ಹಳೇ ಒಪ್ಪಂದ ಶುರುವಾದಾಗ ನಮ್ಮ ಒಬ್ಬ ಆಪರೇಟರ್‌ನ ಗ್ರಾಸ್ 22,000. ಆಗ ಆ ದುಡ್ಡಿಗೆ ಬರುತ್ತಿದ್ದ ಸಾಮಾನು ಇವತ್ತು ತರಬೇಕು ಅಂದರೆ 25,850 ಬೇಕು. ಅವನಿಗೆ ಸಿಗುತ್ತಿರುವುದು 25,000. ಮೂರು ವರ್ಷ ನೀವು ಸಂಬಳ ಜಾಸ್ತಿ ಮಾಡಿದ್ದೀರಿ, ಇಲ್ಲ ಅನ್ನುವುದಿಲ್ಲ. ಆದರೂ ಅವನು 850 ರೂಪಾಯಿ ಹಿಂದೆ ಬಿದ್ದಿದ್ದಾನೆ. ಆ ಹಳ್ಳ ಮುಚ್ಚುವುದನ್ನು ದಯವಿಟ್ಟು ಹೈಕ್ ಅನ್ನಬೇಡಿ. ಅದು ಮುಚ್ಚಿದ ಮೇಲಿನದ್ದೇ ಹೈಕ್."

ಇದಕ್ಕೆ ಮಿತಿಯೂ ಇದೆ, ಅದನ್ನು ತಿಳಿದುಕೊಂಡೇ ಕೂರಬೇಕು. ಇದು ಇಡೀ ದೇಶದ ಸರಾಸರಿ. ದಾಸರಹಳ್ಳಿಯಲ್ಲಿ ಒಂದು ಸಿಂಗಲ್ ರೂಮಿನ ಬಾಡಿಗೆ ಎಷ್ಟು ಏರಿತು ಅನ್ನುವುದು ಅದರಲ್ಲಿ ಕಾಣುವುದಿಲ್ಲ. ನಿಮ್ಮಲ್ಲಿ ಸೂಚ್ಯಂಕದ ಜೊತೆ ಏರುವ ಡಿಎ, ಅಂದರೆ ತುಟ್ಟಿಭತ್ಯೆ ಇದ್ದರೆ ಈ ಲೆಕ್ಕ ಹೀಗೇ ಕೂರುವುದೂ ಇಲ್ಲ, ಯಾಕೆಂದರೆ ಸ್ವಲ್ಪ ಹಳ್ಳ ಆಗಲೇ ಮುಚ್ಚಿರುತ್ತದೆ. ನಮ್ಮಲ್ಲಿ ಡಿಎ ಫಿಕ್ಸೆಡ್ ಆಗಿತ್ತು.

ಗಟ್ಟಿಯಾಗಿ ಹೇಳಬೇಕಾದ ಮಾತು ಎರಡೇ ಇಟ್ಟುಕೊಂಡಿದ್ದೆ. ಮೊದಲನೆಯದು ತಾರೀಕು. "ಸಹಿ ಯಾವ ತಿಂಗಳೇ ಆಗಲಿ, ಒಪ್ಪಂದ ಜನವರಿ 1ರಿಂದ ಜಾರಿ. ಅರಿಯರ್ಸ್ ಪೂರ್ತಿ ಬರಬೇಕು. ಇದನ್ನು ಇವತ್ತಿನ ಮಿನಿಟ್ಸ್‌ನಲ್ಲೇ ಬರೆಯೋಣ." ಇದನ್ನು ಮೊದಲ ದಿನವೇ ಹೇಳುವುದಕ್ಕೆ ಕಾರಣ ಇದೆ. ಜಾರಿ ದಿನಾಂಕ ಗಟ್ಟಿಯಾಗದಿದ್ದರೆ ಎಳೆದಾಡಿದ ಒಂದೊಂದು ತಿಂಗಳೂ ಕಂಪನಿಗೆ ಉಳಿತಾಯ. ಗಟ್ಟಿಯಾಗಿಬಿಟ್ಟರೆ ಎಳೆಯುವುದರಲ್ಲಿ ಯಾರಿಗೂ ಲಾಭ ಇಲ್ಲ, ಸಭೆಗಳು ತಾನಾಗೇ ಬೇಗ ಬೇಗ ನಡೆಯುತ್ತವೆ.

ಎರಡನೆಯದು, ಏರಿಕೆ ಎಲ್ಲಿ ಸೇರುತ್ತದೆ ಅನ್ನುವುದು. ಆಡಳಿತದವರು ಯಾವಾಗಲೂ ಸಿಟಿಸಿಯಲ್ಲಿ, ಅಂದರೆ ಒಬ್ಬನ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚಿನ ಲೆಕ್ಕದಲ್ಲಿ ಮಾತಾಡುತ್ತಾರೆ. ಕೇಳುವುದಕ್ಕೆ ದೊಡ್ಡ ಮೊತ್ತ. ಅದನ್ನು ಬಟ್ಟೆ ಒಗೆಯುವ ಭತ್ಯೆ, ಹಾಜರಾತಿ ಭತ್ಯೆ ಅಂತ ಹಂಚಿಬಿಟ್ಟರೆ ಗ್ರಾಚ್ಯುಟಿ ಹಾಗೇ ಉಳಿಯುತ್ತದೆ. ಗ್ರಾಚ್ಯುಟಿ ಲೆಕ್ಕ ಹಾಕುವುದು ಕೊನೆಯ ಬೇಸಿಕ್ ಮತ್ತು ಡಿಎ ಮೇಲೆ: ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 25 ವರ್ಷ ದುಡಿದವನ ಬೇಸಿಕ್‌ಗೆ 6,000 ಸೇರಿದರೆ ಹೋಗುವಾಗ 86,500 ಜಾಸ್ತಿ ಸಿಗುತ್ತದೆ. ಅದೇ 6,000 ಭತ್ಯೆಯಲ್ಲಿ ಹೋದರೆ ಆಗ ಸೊನ್ನೆ. (ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿಯಾದರೆ ಮಿಕ್ಕಿದ್ದನ್ನು ವೇತನ ಅಂತಲೇ ಎಣಿಸಬೇಕು ಅಂತ ಅದರಲ್ಲಿದೆ. ನಮ್ಮದು ಅದಕ್ಕೆ ಮುಂಚಿನ ಕಥೆ.) ಹಾಗಾಗಿ ಹೇಳಿದೆ: "ಎಷ್ಟು ಅನ್ನುವುದನ್ನು ಮಾತಾಡೋಣ, ಅದರಲ್ಲಿ ನಾವು ಹಟ ಹಿಡಿಯುವುದಿಲ್ಲ. ಆದರೆ ಅರ್ಧಕ್ಕಿಂತ ಜಾಸ್ತಿ ಬೇಸಿಕ್‌ಗೆ ಸೇರಬೇಕು."

ನಾವು ಕೇಳಿದ ಮೊತ್ತ ಬೇಡಿಕೆ ಪಟ್ಟಿಯಲ್ಲಿ ಇದ್ದೇ ಇತ್ತು. ಭಾಷಣದಲ್ಲಿ ಅದನ್ನು ಮತ್ತೆ ಓದಲೂ ಇಲ್ಲ, "ಕಡಿಮೆ ಅಂದರೆ ಇಷ್ಟು" ಅನ್ನಲೂ ಇಲ್ಲ. ಮೊದಲ ದಿನ ಕನಿಷ್ಠ ಹೇಳಿದರೆ ಅದೇ ಆ ಕಡೆಯವರ ಗರಿಷ್ಠ ಆಗುತ್ತದೆ. ಸ್ಟ್ರೈಕ್ ಅನ್ನುವ ಪದವನ್ನೂ ಎತ್ತಲಿಲ್ಲ. ಕಮಿಟಿಯ ಒಬ್ಬ ಹುಡುಗನಿಗೆ ಇದು ಸಪ್ಪೆ ಅನ್ನಿಸಿತು. "ಅಣ್ಣಾ, ಸ್ವಲ್ಪ ಖಾರ ಬೇಡ್ವಾ?" ಅಂದ. ಬೆದರಿಕೆ ಹಾಕಿದರೆ ಮುಂದಿನ ಸಭೆಗೆ ಅವರು ವಕೀಲರನ್ನು ಕರೆದುಕೊಂಡು ಬರುತ್ತಾರೆ, ಆಮೇಲೆ ಮಾತು ಸಂಬಳದ ಮೇಲೆ ಇರುವುದಿಲ್ಲ.

ಲೇಬರ್ ಆಫೀಸ್ ವಿಷಯ ಮಾತ್ರ ನಾನೇ ತೆಗೆದೆ. "ಮಾತು ಇಲ್ಲೇ ಮುಗಿಸೋಣ, ಸಹಿ ಮಾತ್ರ ಲೇಬರ್ ಆಫೀಸರ್ ಮುಂದೆ, 12(3)ರಲ್ಲಿ ಹಾಕೋಣ. ಇದು ದೂರು ಅಲ್ಲ." ಆಗಿನ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ನಾವು ನಾವೇ ಮಾಡಿಕೊಂಡ 18(1) ಒಪ್ಪಂದ ಸಹಿ ಹಾಕಿದವರಿಗೆ ಮಾತ್ರ ಅನ್ವಯ. ಲೇಬರ್ ಆಫೀಸರ್ ಮುಂದೆ ಸಂಧಾನದಲ್ಲಿ ಆದ 12(3) ಒಪ್ಪಂದ ಯೂನಿಯನ್‌ಗೆ ಸೇರದವರಿಗೂ, ಮುಂದೆ ಕೆಲಸಕ್ಕೆ ಸೇರುವವರಿಗೂ ಅನ್ವಯ. ಹೀಗಾದರೆ ಕಂಪನಿಗೂ ತಲೆನೋವು ಕಡಿಮೆ. ಇದನ್ನು ಮೊದಲೇ ಹೇಳದೆ ಜೂನ್‌ನಲ್ಲಿ ಹೇಳಿದ್ದರೆ ಜಗಳಕ್ಕೆ ಬಂದರು ಅಂತ ಅಂದುಕೊಳ್ಳುತ್ತಿದ್ದರು.

ಎಚ್‌ಆರ್ ಮೇಡಂ ಬೇಸಿಕ್ ಬಗ್ಗೆ ಏನೂ ಅನ್ನಲಿಲ್ಲ, ಬರೆದುಕೊಂಡರು. ತಾರೀಕಿನ ವಿಷಯಕ್ಕೆ ಮಾತ್ರ "ಹೆಡ್ ಆಫೀಸ್ ಕೇಳಬೇಕು" ಅಂದರು. ಆಗ ನಾನು, "ಕೇಳಿ ಮೇಡಂ, ಮುಂದಿನ ಸಭೆಯಲ್ಲಿ ಅದನ್ನೇ ಮೊದಲು ತಗೊಳ್ಳೋಣ" ಅಂದೆ. ಎರಡನೇ ಸಭೆಯಲ್ಲಿ ಅದು ಮಿನಿಟ್ಸ್‌ಗೆ ಬಂತು. ಒಪ್ಪಂದ ಆದದ್ದು ಆಗಸ್ಟ್‌ನಲ್ಲಿ. ಮೂರು ವರ್ಷಕ್ಕೆ ಒಟ್ಟು 6,000, ಅದರಲ್ಲಿ ಮೊದಲ ವರ್ಷ 3,000. ಬೇಸಿಕ್‌ಗೆ ಸೇರಿದ್ದು 3,600. ಜನವರಿಯಿಂದ ಜುಲೈವರೆಗಿನ 21,000 ಅರಿಯರ್ಸ್ ಗೌರಿ ಹಬ್ಬದ ಮುಂಚೆ ಎಲ್ಲರ ಅಕೌಂಟಿಗೂ ಬಿತ್ತು. ಹಾಜರಾತಿ ಭತ್ಯೆಯ ಷರತ್ತು ಮಾತ್ರ ಸಡಿಲಿಸಲು ಆಗಲಿಲ್ಲ. ಅದು 2027ರ ಪಟ್ಟಿಗೆ ಹೋಗಿದೆ.