ಎಪ್ಪತ್ತೋ ಇಪ್ಪತ್ತೋ: ಗದ್ದಲದಲ್ಲೂ ಕೇಳಿಸುವ ಅನೌನ್ಸ್‌ಮೆಂಟ್ ಬರೆಯೋದು

ನಿಲ್ದಾಣಗಳಿಗೆ ಅನೌನ್ಸ್‌ಮೆಂಟ್ ಬರೆದುಕೊಡೋದು ನನ್ನ ಕೆಲಸ. ಜನರಿಗೆ ಸರಿಯಾಗಿ ಕೇಳಿಸಲಿಲ್ಲ ಅಂತ ದೂರು ಬಂದರೆ ಎಲ್ಲರೂ ಮೊದಲು ಹೇಳೋದು, ಸೌಂಡ್ ಜಾಸ್ತಿ ಮಾಡಿ ಅಂತ. ಜನರ ಗದ್ದಲಕ್ಕೆ ಅದು ಸ್ವಲ್ಪ ಸಹಾಯ ಮಾಡುತ್ತದೆ. ಆದರೆ ಪ್ರತಿಧ್ವನಿಯೂ ಅಷ್ಟೇ ಜೋರಾಗುತ್ತದಲ್ವಾ, ಅಲ್ಲಿ ಏನೂ ಪ್ರಯೋಜನವಿಲ್ಲ. ಅದಕ್ಕೆ ಮದ್ದು ಇರೋದು ವಾಕ್ಯದಲ್ಲೇ.

ಒಂದು ಸಾಲು ನೋಡಿ: "ಸಂಜೆ ಐದು ಗಂಟೆಗೆ ಹೊರಡಬೇಕಿದ್ದ ರೈಲು ಎಪ್ಪತ್ತು ನಿಮಿಷ ತಡವಾಗಿ ಹದಿನಾರನೇ ಪ್ಲಾಟ್‌ಫಾರ್ಮ್‌ನಿಂದ ಹೊರಡಲಿದೆ." ಕಾಗದದ ಮೇಲೆ ತಪ್ಪೇನಿಲ್ಲ. ದೊಡ್ಡ ಹಾಲ್‌ನಲ್ಲಿ ಮಾತ್ರ "ಎಪ್ಪತ್ತು" ಕೆಡುತ್ತದೆ. ಇಪ್ಪತ್ತಕ್ಕೂ ಎಪ್ಪತ್ತಕ್ಕೂ ಇರುವ ವ್ಯತ್ಯಾಸ ಮೊದಲ ಸ್ವರವೊಂದೇ, ಆ ಸ್ವರದ ಮೇಲೆ ಹಿಂದಿನ "ರೈಲು" ಪದದ ಬಾಲ ಇನ್ನೂ ಗುಂಯ್ ಅಂತ ಕೂತಿರುತ್ತದೆ. ಕೇಳುವವರಿಗೆ ಸಿಗೋದು "ಪ್ಪತ್ತು" ಮಾತ್ರ, ಉಳಿದದ್ದು ಊಹೆ.

ಹಾಗಾಗಿ ಸಂಖ್ಯೆಗೆ ಮೊದಲು ಒಂದು ಬಿಡುವು ಕೊಡಬೇಕು. ಎಷ್ಟು? ಪ್ರತಿಧ್ವನಿ 60 ಡೆಸಿಬಲ್ ಇಳಿಯಲು ಹಿಡಿಯುವ ಸಮಯವನ್ನು ಸೌಂಡ್ ಎಂಜಿನಿಯರ್‌ಗಳು ಅಳೆದು ಕೊಡುತ್ತಾರೆ. ಅದು 3 ಸೆಕೆಂಡ್ ಇದ್ದರೆ ಸೆಕೆಂಡಿಗೆ 20 ಡೆಸಿಬಲ್ ಇಳಿಯಿತು ಅಂತ ಅರ್ಥ. ಬಾಲ ಒಂದು 15 ಡೆಸಿಬಲ್ ಇಳಿದರೆ ಮುಂದಿನ ಪದ ಸಾಕಷ್ಟು ಬಿಡಿಸಿಕೊಂಡು ಕೇಳಿಸುತ್ತದೆ, ಅಂದರೆ ಮುಕ್ಕಾಲು ಸೆಕೆಂಡ್. ಇದನ್ನು ಓದುವವರ ಮರ್ಜಿಗೆ ಬಿಡಬಾರದು. ನಾನು ಸ್ಕ್ರಿಪ್ಟ್‌ನಲ್ಲೇ "ನಿಲ್ಲಿಸಿ" ಅಂತ ಬರೆಯುತ್ತೇನೆ.

ಇನ್ನೊಂದು, ಆ ಸಾಲಿನಲ್ಲಿ ಸಂಖ್ಯೆಗಳೇ ಮೂರಿವೆ. ಹೊರಡಬೇಕಿದ್ದ ಹೊತ್ತು ಪ್ರಯಾಣಿಕರಿಗೆ ಗೊತ್ತೇ ಇದೆ, ಎಪ್ಪತ್ತು ನಿಮಿಷ ಕೂಡಿಸೋ ಲೆಕ್ಕ ಅವರಿಗೇಕೆ? ಹೊಸ ಸಮಯ ನಾವೇ ಹೇಳಿದರಾಯಿತು. ಎಲ್ಲಕ್ಕಿಂತ ಮೊದಲು ಊರಿನ ಹೆಸರು ಬರಬೇಕು, ಅದು ಕಿವಿಗೆ ಬಿದ್ದ ಮೇಲೇ ಜನ ಮಾತು ನಿಲ್ಲಿಸಿ ಕೇಳೋದು. ತಿದ್ದಿದ ಮೇಲೆ ಹೀಗಾಗುತ್ತದೆ (ಖಾಲಿ ಜಾಗದಲ್ಲಿ ಊರು):

"___ಗೆ ಹೋಗುವ ಪ್ರಯಾಣಿಕರೇ. ನಿಮ್ಮ ರೈಲು ತಡವಾಗಿದೆ. ಹೊರಡುವ ಹೊಸ ಸಮಯ, (ನಿಲ್ಲಿಸಿ) ಸಂಜೆ ಆರು ಗಂಟೆ ಹತ್ತು ನಿಮಿಷ. ಪ್ಲಾಟ್‌ಫಾರ್ಮ್, (ನಿಲ್ಲಿಸಿ) ಹದಿನಾರು. ಒಂದು, ಆರು."

ಕೊನೆಯಲ್ಲಿ ಅಂಕಿ ಬಿಡಿಸಿ ಹೇಳಿದ್ದು ಸುಮ್ನೆ ಅಲ್ಲ. ಹದಿಮೂರು, ಹದಿನಾರು ಎರಡರ ತಲೆಯೂ ಬಾಲವೂ ಒಂದೇ, ನಡುವಿನ ಅಕ್ಷರ ಜಾರಿದರೆ ಜನ ಬೇರೆ ಪ್ಲಾಟ್‌ಫಾರ್ಮ್‌ಗೆ ಓಡುತ್ತಾರೆ. ಇಡೀ ಸಾಲನ್ನು ಎರಡನೇ ಸಲ ಹೇಳುವಾಗ ಒಂದು ಪದವೂ ಬದಲಾಗಬಾರದು. ಮೊದಲ ಸಲ ತಪ್ಪಿದ ಪದ ಯಾವ ಜಾಗದಲ್ಲಿ ಬರುತ್ತದೆ ಅಂತ ಕಿವಿ ಆಗಲೇ ಕಾಯುತ್ತಿರುತ್ತದೆ.

ಪರೀಕ್ಷೆ ಮಾಡೋದು ಜನ ತುಂಬಿರುವ ಹೊತ್ತಿನಲ್ಲೇ. ಸ್ಕ್ರಿಪ್ಟ್ ನೋಡಿರದ ಒಬ್ಬರನ್ನು ಸ್ಪೀಕರ್‌ನಿಂದ ದೂರದ ಮೂಲೆಯಲ್ಲಿ ನಿಲ್ಲಿಸಿ, ಕೇಳಿಸಿದ ಸಂಖ್ಯೆ ಬರೆಯಿರಿ ಅನ್ನುತ್ತೇನೆ. "ಅರ್ಥವಾಯ್ತಾ?" ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ, ಬರೆದಾಗಲೇ ನಿಜ ಗೊತ್ತಾಗೋದು. ಒಂದೇ ಊರಿಗೆ ಹತ್ತಿರ ಹತ್ತಿರದ ಹೊತ್ತಿನಲ್ಲಿ ಎರಡು ರೈಲು ಇದ್ದರೆ ಮಾತ್ರ ಹಳೇ ಸಮಯವನ್ನೂ ಸೇರಿಸಲೇಬೇಕು. ಆಗ ಅದನ್ನು ಊರಿನ ಹೆಸರಿನ ಜೊತೆಗೇ, ಹೊಸ ಸಮಯದಿಂದ ಆದಷ್ಟು ದೂರ ಇಡುತ್ತೇನೆ.