75 ಫ್ರೇಮು, ಒಂದು ಪೆಟ್ಟು
17 ಜೂನ್ 2025, ಮಂಗಳವಾರ

ಮಾವನ ತಾಳಮದ್ದಳೆ ಚಾನೆಲ್ಲಿನ ಲೋಗೋ ಸ್ಟಿಂಗು, ಅಂದರೆ ಸದ್ದಿನೊಂದಿಗೆ ಚಾನೆಲ್ಲಿನ ಹೆಸರು ಮೂಡುವ ಚಿಕ್ಕ ತುಣುಕು, ಇವತ್ತು ಕೊನೆಗೂ ಕಾಗದದ ಮೇಲೆ ಕೂತಿತು. ಇರುವುದು ಮೂರೇ ಸೆಕೆಂಡು. ಮಾವನಿಗೆ ಅಷ್ಟರಲ್ಲಿ ಪರದೆ ಸರಿಯಬೇಕು, ಗೆಜ್ಜೆ ಕೇಳಬೇಕು, ಕಿರೀಟ ಹೊಳೆಯಬೇಕು.

"ತಾಳಮದ್ದಳೆಗೆ ವೇಷವೇ ಇಲ್ಲವಲ್ಲ ಮಾವ, ಕಿರೀಟ ಯಾಕೆ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಚೆಂಡೆ ಒಂದು ಸಾಕು ಮಾರಾಯ. ಆದ್ರೆ ಪೆಟ್ಟು ಬಿದ್ದ ಮೇಲೆ ಎಳಿಬೇಡ, ಬಿಡು."

ಆ ಮಾತಿನಿಂದಲೇ ಸ್ಕ್ರಿಪ್ಟು ಹುಟ್ಟಿತು. ನಮ್ಮ ವಿಡಿಯೊ ಸೆಕೆಂಡಿಗೆ 25 ಫ್ರೇಮಿನದು, ಒಟ್ಟು 75. ಮೊದಲ ಹತ್ತು ಫ್ರೇಮು ಕತ್ತಲೆ, ಒಳಗಿನಿಂದ ಮದ್ದಳೆಯ ಗುಂಯ್ ಮಾತ್ರ. 11ರಿಂದ ಅಕ್ಷರಗಳು ಬೇಗ ಬಂದು ನಿಧಾನವಾಗುತ್ತಾ 36ಕ್ಕೆ ನಿಲ್ಲುತ್ತವೆ. ಅಲ್ಲೇ ಚೆಂಡೆಯ ಪೆಟ್ಟು. ಉಳಿದ ಫ್ರೇಮುಗಳಲ್ಲಿ ಏನೂ ಅಲ್ಲಾಡುವುದಿಲ್ಲ. ನಾದ ಅಡಗುವಷ್ಟರಲ್ಲಿ ಕಣ್ಣು ಹೆಸರು ಓದಿ ಮುಗಿಸುತ್ತದೆ. ಕೊನೆಯವರೆಗೂ ಏನಾದರೂ ಹೊಳೆಯುತ್ತಿದ್ದರೆ ಕಣ್ಣು ಹೊಳಪಿನ ಹಿಂದೆ ಹೋಗುತ್ತದೆ, ಹೆಸರು ನೆನಪಿನಲ್ಲಿ ಉಳಿಯುವುದಿಲ್ಲ.

ಪೆಟ್ಟು ಒಂದು ಫ್ರೇಮು, ಅಂದರೆ 40 ಮಿಲಿಸೆಕೆಂಡು, ತಡವಾದರೆ ನಡೆಯುತ್ತದೆ. ದೂರದ ಸದ್ದು ತಡವಾಗಿ ಬರುವುದು ಕಿವಿಗೆ ರೂಢಿ. ಚಿತ್ರಕ್ಕಿಂತ ಮೊದಲು ಬಿದ್ದರೆ ಮಾತ್ರ ಏನೋ ತಪ್ಪಿದೆ ಅನ್ನಿಸುತ್ತದೆ.

ಸಂಜೆಯೆಲ್ಲ ತಿಂದದ್ದು 'ಅರ್ಥ'. ಚಾನೆಲ್ಲಿನ ಹೆಸರಿನಲ್ಲಿ ಆ ಪದ ಇದೆ. ಟೈಪಿಸಿದ ಹೆಸರನ್ನೇ ಒಂದೊಂದಾಗಿ ತೋರಿಸು ಅಂದರೆ ಮೊದಲು ಅ, ಆಮೇಲೆ ರ, ಆಮೇಲೆ ರ್. ಥ ಬಂದ ಕೂಡಲೇ ಆ ರ ಮಾಯವಾಗಿ, ಅರ್ಕಾವತ್ತಾಗಿ ಥದ ಬಲಗಡೆ ಹಾರಿ ಕೂರುತ್ತದೆ. ಒಳಗೆ ಸಂಕೇತಗಳ ಸಾಲು ಹಾಗೇ ಇದೆ, ಬರೆಯುವ ಕೈಗೆ ಹಾಗಿಲ್ಲ. ನಿಧಾನವಾಗಿ ಓಡಿಸಿ ನೋಡಿದರೆ ಮಧ್ಯದಲ್ಲಿ ಒಂದು ಅಕ್ಷರ ಮಿಣುಕಿ ಹೋಗುವುದು ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ ಹೆಸರನ್ನು ಪೂರ್ತಿ ಆಕಾರವಾಗಿ ಬದಲಿಸಿ, ಥ ಮತ್ತು ಅರ್ಕಾವತ್ತನ್ನು ಒಂದೇ ಪದರದಲ್ಲಿ ಕಟ್ಟಿದೆ. ಈಗ 'ರ್ಥ' ಒಟ್ಟಿಗೇ ಬರುತ್ತದೆ. ಇನ್ನು ಹೆಸರಿನ ಕಾಗುಣಿತ ಬದಲಿಸಬೇಕೆಂದರೆ ಮತ್ತೆ ಮೊದಲಿಂದ ಕಟ್ಟಬೇಕು. ಆಗಲಿ.

ತಲೆ ನೋಯುತ್ತಿದೆ. ಮಳೆ ಬಿಟ್ಟಿಲ್ಲ.

ಬಂಪರು ಬೇರೆಯದೇ ಕಥೆ. ಪ್ರಸಂಗದ ನಡುವೆ 'ಮುಂದಿನ ಭಾಗ' ಅಂತ ಐದು ಸೆಕೆಂಡು ಬರುವಂಥದ್ದು. ಅಲ್ಲಿ ಅಕ್ಷರಗಳು ಮತ್ತೆ ಓಡಿಬರುವುದು ಬೇಡ. ಸ್ಟಿಂಗು ಎಲ್ಲಿ ನಿಂತಿತೋ ಅಲ್ಲಿಂದಲೇ ಶುರುವಾಗಿ, ಹೆಸರು ಮೂಲೆಗೆ ಸರಿದು ಬರಹಕ್ಕೆ ಜಾಗ ಬಿಡಲಿ. ಸದ್ದು ಇನ್ನೂ ಮುಖ್ಯ. ಅರ್ಥಧಾರಿಗಳು ಮೆತ್ತಗೆ ಮಾತಾಡುವಾಗ ಜನ ಮೊಬೈಲಿನ ವಾಲ್ಯೂಮ್ ಏರಿಸಿಕೊಂಡಿರುತ್ತಾರೆ. ಅದರ ಮೇಲೆ ಚೆಂಡೆ ಬಿದ್ದರೆ ಇಯರ್‌ಫೋನ್ ಹಾಕಿದವರ ಗತಿ? ಹಾಗಾಗಿ ಬಂಪರಿನಲ್ಲಿ ಚೆಂಡೆ ಬೇಡ, ಮದ್ದಳೆಯ ಅದೇ ಗುಂಯ್, ಮಾತಿಗಿಂತ ಒಂದು ಹಂತ ಕೆಳಗೆ.

ಮಾವ ಇದಕ್ಕೆ ಇನ್ನೂ ಒಪ್ಪಿಲ್ಲ. "ಚೆಂಡೆ ಇಲ್ಲದಿದ್ರೆ ನಮ್ಮ ಚಾನೆಲ್ ಅಂತ ಗೊತ್ತಾಗ್ಬೇಕಲ್ಲ?" ಅಂತಾರೆ. ಪೆಟ್ಟಿನ ಬದಲು ಅದರ ನಾದದ ಬಾಲವನ್ನು ಮಾತ್ರ ಕತ್ತರಿಸಿ ಮದ್ದಳೆಯ ಕೆಳಗೆ ಇಟ್ಟರೆ ಹೇಗೆ?